ಡಯಾಲಿಸಿಸ್ ಬೇಡ ಅಂದವರಿಗೂ ಚಿಕಿತ್ಸೆ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಒಳ್ಳೇದೇ, ಅದರಿಂದಲೇ ಬದುಕಿರುವವರನ್ನು ನಮ್ಮ ಊರಲ್ಲೇ ನೋಡಿದ್ದೇನೆ. ಆದರೆ ಬೇಡ ಅನ್ನುವ ವಯಸ್ಸಾದವರಿಗೆ ಅಲ್ಲಿ ಏನಿದೆ? ಒಂದು ಸಹಿ ಹಾಕಿಸಿಕೊಂಡು ಕಳಿಸುತ್ತಾರೆ, ಅಷ್ಟೆ.

ನಮ್ಮ ಅಮ್ಮನಿಗೆ 84. ಹೃದಯ ದುರ್ಬಲ, ಮರೆವು ಬೇರೆ, ಎದ್ದು ಕೂರಬೇಕಾದರೂ ಒಬ್ಬರು ಹಿಡಿದುಕೊಳ್ಳಬೇಕು. ಕಿಡ್ನಿ ನೂರಕ್ಕೆ ಎಂಟರಷ್ಟು ಕೆಲಸ ಮಾಡುತ್ತಿದೆ ಅಂದರು. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಮೆಷಿನ್ ಹತ್ತಿರ ಮಲಗಿಸಬೇಕಂತೆ. ಇದರಿಂದ ಇವರಿಗೆ ಎಷ್ಟು ಉಪಯೋಗ ಅಂತ ಕೇಳಿದ್ದಕ್ಕೆ, "ಬೇಡ ಅಂದ್ರೆ ಬರೆದುಕೊಟ್ಟು ಕರ್ಕೊಂಡು ಹೋಗಿ" ಅಂದರು. ಅಮ್ಮ ಅಲ್ಲೇ ಇದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ "ವೈದ್ಯರ ಸಲಹೆಗೆ ವಿರುದ್ಧವಾಗಿ" ಅಂತ ಬಂತು.

ನನ್ನ ಪ್ರಶ್ನೆ ಅಷ್ಟು ದಡ್ಡತನದ್ದಾ? ಅಮೆರಿಕದಲ್ಲಿ ವೃದ್ಧರ ಆರೈಕೆ ಕೇಂದ್ರಗಳಲ್ಲಿದ್ದು ಡಯಾಲಿಸಿಸ್ ಶುರು ಮಾಡಿದವರನ್ನು ನೋಡಿದ ಅಧ್ಯಯನವೊಂದು 2009ರಲ್ಲಿ ಬಂತು. ವರ್ಷದೊಳಗೆ ನೂರಕ್ಕೆ 58 ಮಂದಿ ತೀರಿಕೊಂಡಿದ್ದರು. ಮೊದಲಿನಷ್ಟೇ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದವರು 13 ಮಾತ್ರ. ಡಯಾಲಿಸಿಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇದನ್ನು ಹೇಳಿ, ಆಮೇಲೆ ಏನು ಬೇಕು ಅಂತ ಕೇಳಿ ಅನ್ನುತ್ತಿದ್ದೇನೆ. ನಿಮಗೆ ಗೊತ್ತಿರದ ವಿಷಯವೇನಲ್ಲ, ಅಲ್ವಾ?

ಮನೆಗೆ ಬಂದ ಮೇಲೆ ತುರಿಕೆ. ರಾತ್ರಿಯಿಡೀ ಕೆರೆದು ಕೆರೆದು ಕಾಲಲ್ಲಿ ರಕ್ತ. ಚರ್ಮದ ರೋಗವಲ್ಲ ಅದು, ಕಿಡ್ನಿಯದ್ದು, ಅದಕ್ಕೇ ಎಣ್ಣೆ, ಮುಲಾಮು ಯಾವುದೂ ಸಾಕಾಗಲಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಬಪೆಂಟಿನ್ 300 ಮಿಲಿಗ್ರಾಂ, ದಿನಕ್ಕೆ ಮೂರು ಅಂತ ಬರೆದರು. ಮಾತ್ರೆ ಸರಿ, ಪ್ರಮಾಣ ತಪ್ಪು. ಅದು ಕಿಡ್ನಿಯಿಂದಲೇ ಹೊರಗೆ ಹೋಗಬೇಕು, ಹೋಗದೆ ಮೈಯಲ್ಲೇ ಉಳಿಯಿತು. ಅಮ್ಮ ಎಚ್ಚರವೇ ಇಲ್ಲದ ಹಾಗೆ ಮಲಗಿದರು, ಕೈಕಾಲು ಆಗಾಗ ಜಿಗಿಯುತ್ತಿದ್ದವು. ಕೊನೇ ಗಳಿಗೆ ಬಂತು ಅಂತ ನೆಂಟರನ್ನೆಲ್ಲ ಕರೆಸಿದೆವು! ದೂರದ ಊರಿನ ಕಿಡ್ನಿ ಡಾಕ್ಟರೊಬ್ಬರು ಫೋನಿನಲ್ಲೇ ಮಾತ್ರೆ ನಿಲ್ಲಿಸಿ ಅಂದರು. ಸರಿಹೋದ ಮೇಲೆ ರಾತ್ರಿಗೊಂದೇ, 100 ಮಿಲಿಗ್ರಾಂ ಅಂದರು. ಈಗ ನಿದ್ದೆ ಮಾಡುತ್ತಾರೆ. ಊತ, ಉಬ್ಬಸಕ್ಕೆ ಅವರೇ ಫ್ಯೂರೋಸೆಮೈಡ್ ಹೊಂದಿಸಿಕೊಟ್ಟರು, ಮೈಕೈ ನೋವಿಗೆ ಡೈಕ್ಲೋಫೆನಾಕ್ ಮುಟ್ಟಬೇಡಿ ಅಂದರು.

ಇದಕ್ಕೆ ಮೆಷಿನ್ ಬೇಕಾ ಸಾರ್? ಹೊಸ ಕಟ್ಟಡ? ರಿಬ್ಬನ್ ಕತ್ತರಿಸುವುದಕ್ಕೆ ಏನೂ ಸಿಗದು, ಅದೊಂದು ತೊಂದರೆ ಇದೆ, ಒಪ್ಪಿದೆ.

ನಾನು ಕೇಳುವುದಿಷ್ಟು. ಡಯಾಲಿಸಿಸ್ ಇರುವ ಪ್ರತಿ ಆಸ್ಪತ್ರೆಯಲ್ಲೂ, ಅದು ಬೇಡ ಅಂದವರನ್ನು ನೋಡಲು ವಾರಕ್ಕೊಂದು ದಿನ ಇಡಿ. ತುರಿಕೆ, ವಾಕರಿಕೆ, ಉಬ್ಬಸದ ಔಷಧಿ ಅಲ್ಲೇ ಸಿಗಲಿ, ಕಿಡ್ನಿಗೆ ತಕ್ಕ ಪ್ರಮಾಣದಲ್ಲಿ. ಓಡಾಡಲಾಗದವರ ಮನೆಗೆ ನರ್ಸ್ ಬರಲಿ. ಡಯಾಲಿಸಿಸ್ ಶುರು ಮಾಡುವ ಮೊದಲು ರೋಗಿಯನ್ನೂ ಮನೆಯವರನ್ನೂ ಕೂರಿಸಿ ಎರಡೂ ದಾರಿ ಹೇಳಲಿ, ಅವರು ಆರಿಸಿದ್ದನ್ನು ಚಿಕಿತ್ಸೆ ಅಂತಲೇ ಬರೆಯಲಿ. ವಾರಕ್ಕೊಂದು ದಿನ ಸಾರ್, ಒಂದೇ ದಿನ. ಯಾವ ತಿಂಗಳಿಂದ ಅಂತ ತಿಳಿಸಿ.

ಇಂತಿ,
ಕಿಡ್ನಿ ರೋಗಿಯೊಬ್ಬರ ಮಗಳು