ಕುತ್ತಿಗೆಯ ನೆಟಿಗೆ ತೆಗೆಯುವುದನ್ನು ಏಕೆ ನಿಲ್ಲಿಸಿದೆವು: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಇನ್ನು ಕುತ್ತಿಗೆಯ ನೆಟಿಗೆ ತೆಗೆಯುವುದಿಲ್ಲ ಎಂದು ನಮ್ಮ ಸಲೂನಿನ ಕನ್ನಡಿಯ ಪಕ್ಕ ಅಂಟಿಸಿದ ಎರಡು ಸಾಲಿನ ಕಾಗದ ಸಾಲದು ಎಂದು ಈಗ ಗೊತ್ತಾಗಿದೆ. ಆ ಕಾಗದ ಓದಿ ಕೆಲವರು ಸುಮ್ಮನಾದಿರಿ, ಕೆಲವರು ಬೇಜಾರಾದಿರಿ, ಇಬ್ಬರು ಅರ್ಧ ಕಟಿಂಗ್‌ನಲ್ಲೇ ನಮ್ಮ ಹುಡುಗರ ಮೇಲೆ ರೇಗಿದಿರಿ. ತಪ್ಪು ನಮ್ಮದೇ. ಇಷ್ಟು ವರ್ಷದ ಒಡನಾಟ ಇದ್ದವರಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಕ್ಷಮಿಸಿ.

ಚಂಪಿ ಮಾಲಿಶ್ ನಿಂತಿಲ್ಲ. ಕೊನೆಯಲ್ಲಿ ಗಲ್ಲ ಹಿಡಿದು ತಲೆಯನ್ನು ಒಂದೇ ಏಟಿಗೆ ಆಚೆ ಈಚೆ ತಿರುಗಿಸಿ ‘ಲಟಕ್’ ಅನ್ನಿಸುತ್ತಿದ್ದೆವಲ್ಲ, ಅದು ಮಾತ್ರ ನಿಂತಿದೆ. ಬೆನ್ನಿಗೆ ಮೊಣಕಾಲು ಕೊಟ್ಟು ಹಿಂದಕ್ಕೆ ಎಳೆಯುವುದೂ ಇಲ್ಲ. ಹುಡುಗರನ್ನು ಒತ್ತಾಯ ಮಾಡಬೇಡಿ. ಇದು ಅವರ ಸೋಮಾರಿತನ ಅಲ್ಲ, ನಮ್ಮಿಬ್ಬರು ಅಣ್ಣತಮ್ಮಂದಿರ ತೀರ್ಮಾನ.

ಆಗಿದ್ದು ಇಷ್ಟು. ನಮ್ಮ ಗ್ರಾಹಕರೊಬ್ಬರು, ನಲವತ್ತರ ಒಳಗಿನವರು, ದಿನಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಹೋಗಿಬರುವವರು, ಒಂದು ಶನಿವಾರ ಸಂಜೆ ಬಂದರು. ನಾಲ್ಕು ದಿನದಿಂದ ಎಡಗಡೆ ಕುತ್ತಿಗೆ ನೋವು, ತಲೆಯ ಹಿಂಭಾಗದಲ್ಲೂ ನೋವು, ‘ಇಂಥ ನೋವು ಮೊದಲು ಬಂದಿರಲಿಲ್ಲ’ ಅಂದರು. ಟ್ರೇನಿನಲ್ಲಿ ಹಿಡಿದುಕೊಂಡಿರಬೇಕು ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಎಣ್ಣೆ ಹಚ್ಚಿ ಎರಡೂ ಕಡೆ ನೆಟಿಗೆ ತೆಗೆದೆವು. ಹಗುರಾಯಿತು ಎಂದು ಹೇಳಿಯೇ ಹೋದರು.

ರಾತ್ರಿ ಊಟಕ್ಕೆ ಕೂತಾಗ ನೀರು ಕುಡಿದರೆ ನೆತ್ತಿಗೇರಿದಂತೆ ಕೆಮ್ಮು. ನೆಲವೇ ಓರೆಯಾದಂತೆ ತಲೆಸುತ್ತು, ವಾಂತಿ. ಮನೆಯವರು ಪಿತ್ತ ಅಂದುಕೊಂಡು ಮಜ್ಜಿಗೆ ಕೊಟ್ಟರು. ಬೆಳಿಗ್ಗೆ ಸ್ನಾನಕ್ಕೆ ನೀರು ಹೊಯ್ದುಕೊಂಡಾಗ ಎಡಮೈಗೆ ಬಿಸಿ ತಾಗುತ್ತಿದೆ, ಬಲಮೈಗೆ ತಾಗುತ್ತಿಲ್ಲ. ಮುಖದ ಎಡಭಾಗ ಮಾತ್ರ ಜೋಮು. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು, ದನಿ ಗೊಗ್ಗರಾಗಿತ್ತು. ಹತ್ತಿರದ ದವಾಖಾನೆಯಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆದು, ಮೂಳೆ ಸರಿಯಿದೆ ಎಂದು ತಲೆಸುತ್ತಿನ ಮಾತ್ರೆ ಕೊಟ್ಟು ಕಳಿಸಿದರು. ಮಧ್ಯಾಹ್ನ ನಡೆಯಲು ಹೋದರೆ ಎಡಕ್ಕೇ ವಾಲುತ್ತಿದ್ದರು. ಆಮೇಲೆ ದೊಡ್ಡ ಆಸ್ಪತ್ರೆ, ಎಮ್‌ಆರ್‌ಐ, ರಕ್ತನಾಳದ ಆಂಜಿಯೋಗ್ರಫಿ. ಕುತ್ತಿಗೆಯ ಎಡಗಡೆಯ ರಕ್ತನಾಳದ ಒಳಪದರ ಹರಿದಿತ್ತು, ಮೆದುಳಿನ ಬುಡದಲ್ಲಿ ಸ್ಟ್ರೋಕ್ ಆಗಿತ್ತು. ಹನ್ನೆರಡು ದಿನ ಮೂಗಿನ ನಳಿಕೆಯಲ್ಲಿ ಊಟ. ಈಗ ನಡೆಯುತ್ತಾರೆ, ನುಂಗುತ್ತಾರೆ, ಕೆಲಸಕ್ಕೂ ಹೋಗುತ್ತಾರೆ. ಬಲಗೈಗೆ ಮಾತ್ರ ಚಹಾದ ಲೋಟ ಬಿಸಿಯೋ ತಣ್ಣಗೋ ಇನ್ನೂ ತಿಳಿಯುವುದಿಲ್ಲ.

ಅವರ ಡಾಕ್ಟರ ಹತ್ತಿರ ನಾನೇ ಹೋಗಿ ಕೇಳಿದೆ, ನಮ್ಮ ಕೈಯಿಂದಲೇ ಆಯಿತೇ ಎಂದು. ಅವರು ಮುಚ್ಚುಮರೆಯಿಲ್ಲದೆ ವಿವರಿಸಿದರು. ಕುತ್ತಿಗೆಯ ಎರಡೂ ಪಕ್ಕ ಮೂಳೆಮಣಿಗಳಲ್ಲಿ ಸಣ್ಣ ತೂತುಗಳಿವೆ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಆ ತೂತುಗಳ ಮೂಲಕ ದಾರದಂತೆ ಮೇಲಕ್ಕೆ ಹೋಗುತ್ತವೆ. ಎಲ್ಲಕ್ಕಿಂತ ಮೇಲಿನ ಮಣಿಯ ಹತ್ತಿರ ನಾಳ ಹಿಂದಕ್ಕೆ ಬಳಸಿ ತಲೆಬುರುಡೆಯೊಳಗೆ ಹೊಕ್ಕುತ್ತದೆ. ನಾವು ತಲೆ ತಿರುಗಿಸುವಾಗ ಹೆಚ್ಚುಕಡಿಮೆ ಅರ್ಧ ತಿರುವು ಆಗುವುದು ಮೇಲಿನ ಎರಡೇ ಮಣಿಗಳ ನಡುವೆ. ತಲೆಯನ್ನು ಬಲಕ್ಕೆ ಝಾಡಿಸಿದರೆ ಎಡನಾಳ ಅಲ್ಲಿ ಎಳೆದಂತಾಗುತ್ತದೆ. ಒಳಪದರ ಹರಿದರೆ ರಕ್ತ ನಾಳದ ಗೋಡೆಯೊಳಕ್ಕೇ ಇಳಿಯುತ್ತದೆ, ಅಲ್ಲಿ ಹೆಪ್ಪುಗಟ್ಟುತ್ತದೆ, ಹೆಪ್ಪಿನ ಚೂರು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ನಾಳವಲ್ಲ. ಅದಕ್ಕೇ ಮೊದಲ ದವಾಖಾನೆಯಲ್ಲಿ ಏನೂ ಸಿಗಲಿಲ್ಲ.

ಆಮೇಲೆ ಅವರು ಹೇಳಿದ್ದು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ನಿಮ್ಮ ಅಂಗಡಿಗೆ ಬರುವ ಮೊದಲೇ ನಾಳ ಹರಿದಿದ್ದಿರಬಹುದು. ಹರಿದ ನಾಳದ ಮೊದಲ ಲಕ್ಷಣವೇ ಕುತ್ತಿಗೆ ನೋವು, ತಲೆನೋವು. ಆ ನೋವಿಗಾಗಿಯೇ ಜನ ನಿಮ್ಮ ಹತ್ತಿರ ಬರುತ್ತಾರೆ.’ ನಾವೇ ಹರಿದೆವೋ, ಹರಿದದ್ದನ್ನು ತಿರುಗಿಸಿ ಹೆಪ್ಪು ಸಡಿಲಿಸಿದೆವೋ, ಅಥವಾ ನಾವು ಮುಟ್ಟದಿದ್ದರೂ ಆಗುತ್ತಿತ್ತೋ, ಯಾರೂ ಖಚಿತವಾಗಿ ಹೇಳಲಾರರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿದ್ದೂ ಇದೇ ಧಾಟಿಯಲ್ಲಿ: ಕುತ್ತಿಗೆ ತಿರುಚುವುದೇ ಕಾರಣ ಎಂದು ಸಾಬೀತಾಗಿಲ್ಲ, ಆದರೆ ನಂಟು ಕಂಡಿದೆ, ಆದ್ದರಿಂದ ಮಾಡುವ ಮೊದಲು ಅಪಾಯವನ್ನು ತಿಳಿಸಬೇಕು. ನಾವು ಒಬ್ಬರಿಗೂ ತಿಳಿಸಿರಲಿಲ್ಲ. ನಮಗೇ ಗೊತ್ತಿರಲಿಲ್ಲ.

ಈಗ ಎಲ್ಲರೂ ಕೇಳುವ ಮಾತಿಗೆ ಬರುತ್ತೇನೆ. ‘ಇಷ್ಟು ವರ್ಷ ಮಾಡಿದ್ದೀರಿ, ಯಾರಿಗೆ ಏನಾಯಿತು? ಈಗ ಒಬ್ಬರಿಗೆ ಆಯಿತು ಅಂತ ಎಲ್ಲರಿಗೂ ನಿಲ್ಲಿಸುವುದೇ?’ ಈ ಮಾತನ್ನು ತಿಂಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳುವುದರಲ್ಲಿ ತಪ್ಪಿಲ್ಲ. ಇದು ಅಪರೂಪದ ಅನಾಹುತ, ಬಹುಪಾಲು ಜನಕ್ಕೆ ಏನೂ ಆಗುವುದಿಲ್ಲ, ನಿಜ. ಆದರೆ ಯಾರಿಗೂ ಏನೂ ಆಗಿಲ್ಲ ಎಂದು ನಮಗೆ ಗೊತ್ತಾಗಿದ್ದು ಹೇಗೆ? ತೊಂದರೆ ಕುರ್ಚಿಯಲ್ಲೇ ಕಾಣಿಸುತ್ತದೆ ಎಂದೇನಿಲ್ಲ. ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಬಿಟ್ಟು, ಮನೆಯಲ್ಲೋ ಆಫೀಸಿನಲ್ಲೋ ಕಾಣಿಸಬಹುದು. ಬರುವುದನ್ನು ಬಿಟ್ಟ ಗ್ರಾಹಕರು ಮನೆ ಬದಲಾಯಿಸಿದರು, ಬದ್ಲಾಪುರಕ್ಕೆ ಹೋದರು ಎಂದು ನಾವು ಅಂದುಕೊಳ್ಳುತ್ತೇವೆ. ಈ ಸಲವೂ ಅವರ ಹೆಂಡತಿ ತಾವಾಗಿ ಅಂಗಡಿಗೆ ಬಂದು ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಕುತ್ತಿಗೆ ತಿರುಚಿದ ಮೇಲೆ ಸ್ಟ್ರೋಕ್ ಆದ ಸುದ್ದಿ ನಿಮ್ಮಲ್ಲಿ ಕೆಲವರು ಓದಿದ್ದೀರಿ. ಅದನ್ನು ನಾನೂ ಓದಿದ್ದೆ. ಎಲ್ಲೋ ಕೈ ತಪ್ಪಿರಬೇಕು ಎಂದು ಪತ್ರಿಕೆ ಮಡಚಿಟ್ಟಿದ್ದೆ.

‘ಲಟಕ್ ಅಂದರೆ ಮೂಳೆ ಜಾಗಕ್ಕೆ ಕೂತ ಹಾಗೆ’ ಎಂಬ ನಂಬಿಕೆಯೂ ನಮ್ಮಿಂದಲೇ ಹಬ್ಬಿದ್ದು. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಒಮ್ಮೆಲೆ ಇಳಿದು ಗಾಳಿಗುಳ್ಳೆಯಂತೆ ಜಾಗ ಬಿಡುವಾಗ ಆ ಸದ್ದು ಬರುತ್ತದೆ. ಬೆರಳಿನ ನೆಟಿಗೆಯೂ ಅದೇ. ಜಾರಿದ್ದು ಕೂರುವ ಸದ್ದಲ್ಲ. ಸ್ವಲ್ಪ ಹೊತ್ತು ಹಗುರ ಅನ್ನಿಸುವುದು ಸುಳ್ಳಲ್ಲ, ಆದರೆ ಆ ಹಗುರಕ್ಕೆ ಕುತ್ತಿಗೆಯನ್ನು ಝಾಡಿಸಲೇಬೇಕಿಲ್ಲ.

‘ಹಾಗಾದರೆ ಅಂಧೇರಿಯ ಕೈರೋಪ್ರಾಕ್ಟರ್ ಹತ್ತಿರ ಹೋಗುತ್ತೇನೆ’, ‘ಊರಿನ ಮೂಳೆ ಕಟ್ಟುವವರ ಹತ್ತಿರ ಹೋಗುತ್ತೇನೆ’ ಎನ್ನುವವರಿಗೂ ಒಂದು ಮಾತು. ಕಲಿತವರು ಪ್ರಶ್ನೆ ಕೇಳುತ್ತಾರೆ, ಪರೀಕ್ಷೆ ಮಾಡುತ್ತಾರೆ. ನಾವು ಅದನ್ನೂ ಮಾಡುತ್ತಿರಲಿಲ್ಲ. ಆದರೆ ತಲೆ ತಿರುಗಿಸಿ ಹಿಡಿದು ತಲೆಸುತ್ತು ಬರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ನಂಬಿ ಯಾರ ನಾಳ ಹರಿಯುತ್ತದೆ ಎಂದು ಮುಂಚೆ ಹೇಳಲಾಗುವುದಿಲ್ಲ. ಅದರಲ್ಲೂ ಕೆಲವರು ಯಾರ ಕೈಗೂ ಕುತ್ತಿಗೆ ಕೊಡಬಾರದು. ಹಿಂದೆ ಎಂದೂ ಇರದಂಥ ತಲೆನೋವು, ಕುತ್ತಿಗೆ ನೋವು ಹೊಸದಾಗಿ ಬಂದವರು. ಈಚೆಗೆ ಬಿದ್ದವರು, ಬೈಕಿನಲ್ಲಿ ಪೆಟ್ಟು ತಿಂದವರು. ರುಮಟಾಯ್ಡ್ ಸಂಧಿವಾತ ಇರುವವರು, ಏಕೆಂದರೆ ಅವರಲ್ಲಿ ಮೇಲಿನ ಎರಡು ಮಣಿಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು ಸಡಿಲವಾಗಿ ಬೆನ್ನುಹುರಿಗೇ ಪೆಟ್ಟಾಗಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಅದೇ ಭಯ. ಮೂಳೆ ಸವೆತದವರು, ವರ್ಷಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಂಡವರು, ಬೆನ್ನುಮೂಳೆಗೆ ಟಿಬಿ ಅಥವಾ ಕ್ಯಾನ್ಸರ್ ತಾಗಿದವರು, ರಕ್ತ ತೆಳುವಾಗುವ ಮಾತ್ರೆಯವರು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತಿದ್ದರೆ, ನಡಿಗೆ ಬಿಗಿಯಾಗಿದ್ದರೆ, ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿರಬಹುದು. ಅವರು ಮೊದಲು ನರರೋಗದ ಡಾಕ್ಟರನ್ನೇ ಕಾಣಬೇಕು.

ಇನ್ನು ದುಡ್ಡಿನ ಮಾತು. ‘ಕೆಲಸ ಕಡಿಮೆ ಮಾಡಿ ರೇಟ್ 150ರಿಂದ 200 ಮಾಡಿದ್ದಾರೆ’ ಎಂಬ ಮಾತು ನಮ್ಮ ಮನಸ್ಸಿಗೆ ಬಹಳ ನಾಟಿದೆ. ಲೆಕ್ಕ ನೀವೇ ನೋಡಿ. ಮೊದಲು ಚಂಪಿಗೆ 10 ನಿಮಿಷ, ಕೊನೆಗೆ ಎರಡು ನೆಟಿಗೆ, ಮುಗಿಯಿತು. ಈಗ ಭುಜ, ಬೆನ್ನಿನ ಮೇಲ್ಭಾಗ, ಕುತ್ತಿಗೆಯ ಹಿಂದಿನ ಸ್ನಾಯುಗಳನ್ನು ಕೈಯಿಂದ ನಿಧಾನವಾಗಿ ಒತ್ತಲು 20 ನಿಮಿಷ ಬೇಕು. ದಿನಕ್ಕೆ 22 ಚಂಪಿ ಆಗುತ್ತಿದ್ದ ಜಾಗದಲ್ಲಿ 15 ಆಗುತ್ತಿವೆ. ಆಗ 3300 ರೂಪಾಯಿ ಬರುತ್ತಿತ್ತು, ಈಗ 3000. ಇದರ ಮೇಲೆ ತೆಂಗಿನೆಣ್ಣೆಯ ಬೆಲೆ ಏರಿದ್ದು ನಿಮ್ಮ ಅಡುಗೆಮನೆಗೂ ಗೊತ್ತು. ನೆಟಿಗೆ ತೆಗೆದಾಗ ನೀವು ಖುಷಿಯಿಂದ ಹುಡುಗರ ಕೈಗೆ 20, 30 ಇಡುತ್ತಿದ್ದಿರಿ. ಆ ಬಕ್ಷೀಸು ನಿಂತುಹೋಗಿದೆ ಎಂದು ನಾಲ್ವರಿಗೂ ತಿಂಗಳಿಗೆ 1500 ಹೆಚ್ಚು ಕೊಡುತ್ತಿದ್ದೇವೆ. ಇದರಲ್ಲಿ ಲಾಭ ಎಲ್ಲಿದೆ, ನೀವೇ ಹೇಳಿ.

ಇನ್ನು ಮುಂದೆ ಕುರ್ಚಿಗೆ ಕೂತ ಕೂಡಲೇ ನೋವು ಹೊಸದೇ, ಬಿದ್ದಿದ್ದೀರಾ, ತಲೆ ಸುತ್ತುತ್ತದೆಯೇ ಎಂದು ಕೇಳುತ್ತೇವೆ. ಹೌದು ಎಂದರೆ ಒತ್ತುವುದೂ ಇಲ್ಲ, ದುಡ್ಡೂ ಇಲ್ಲ, ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇವೆ. ತಲೆ ತೊಳೆಯುವಾಗಲೂ ಬೇಸಿನ್ ಅಂಚಿಗೆ ಕುತ್ತಿಗೆ ಹಿಂದಕ್ಕೆ ಬಾಗಿಸುವುದನ್ನು ಬಿಟ್ಟಿದ್ದೇವೆ, ಮುಂದಕ್ಕೆ ಬಗ್ಗಿಸಿಯೇ ತೊಳೆಯುತ್ತೇವೆ. ಹಾಗೆ ಹಿಂದಕ್ಕೆ ಬಾಗಿದವರಿಗೂ ಇದೇ ನಾಳದ ತೊಂದರೆ ಬಂದದ್ದುಂಟು ಎಂದು ಅದೇ ಡಾಕ್ಟರು ಹೇಳಿದರು.

ನಾವು ನಿಲ್ಲಿಸುವ ಹಿಂದಿನ ವಾರಗಳಲ್ಲಿ ನಮ್ಮಲ್ಲಿ ನೆಟಿಗೆ ತೆಗೆಸಿಕೊಂಡವರು ಗಾಬರಿಯಾಗಬೇಡಿ. ಚೆನ್ನಾಗಿದ್ದರೆ ಚೆನ್ನಾಗಿಯೇ ಇದ್ದೀರಿ. ಆದರೆ ಕುತ್ತಿಗೆಯ ಒಂದೇ ಪಕ್ಕ ಅಥವಾ ತಲೆಯ ಹಿಂದೆ ಹೊಸ ನೋವು ಬಂದು ಹೋಗದೇ ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಕುತ್ತಿಗೆ ತಿರುಚಿಸಿಕೊಂಡಿದ್ದೆ ಎಂದು ನಾಚಿಕೆಯಿಲ್ಲದೆ ಹೇಳಿ. ಒಂದು ವಸ್ತು ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಆಗದಿದ್ದರೆ, ಮುಖ ಅಥವಾ ಮೈಯ ಒಂದು ಪಕ್ಕ ಜೋಮಾದರೆ, ನಡೆಯುವಾಗ ಒಂದೇ ಕಡೆ ವಾಲಿದರೆ ಬೆಳಗಾಗಲಿ ಎಂದು ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. 108ಕ್ಕೆ ಫೋನ್ ಮಾಡಿ, ರಾತ್ರಿಯೂ ಸ್ಕ್ಯಾನ್ ಮಾಡುವ ದೊಡ್ಡ ಆಸ್ಪತ್ರೆಗೇ ಹೋಗಿ. ಮನೆಯಲ್ಲಿ ಗಂಡಸರು ಯಾರೂ ಇಲ್ಲದಿದ್ದರೆ ನಮಗೂ ಒಂದು ಫೋನ್ ಮಾಡಿ. ನಮ್ಮ ನಂಬರು ನಿಮ್ಮ ಹತ್ತಿರ ಇದ್ದೇ ಇದೆ. ನಾವು ಅಂಗಡಿಯ ಹಿಂದಿನ ಚಾಳಿನಲ್ಲೇ ಮಲಗುತ್ತೇವೆ, ಇಬ್ಬರಲ್ಲಿ ಒಬ್ಬರು ಜೊತೆಗೆ ಬರುತ್ತೇವೆ.

ನಿಮ್ಮವರೇ,
ಅಂಗಡಿಯ ಅಣ್ಣತಮ್ಮಂದಿರು
ಡೊಂಬಿವಲಿ ಪೂರ್ವ