21ರ ಕಾನೂನು ಗಲ್ಲಾದ ಮುಂದೆ ಬಂದಾಗ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಅಕ್ಕಿ, ಬೇಳೆ ಜೊತೆ ಬೀಡಿ, ಸಿಗರೇಟು, ತಂಬಾಕು ಪ್ಯಾಕೆಟ್ ಕೂಡ ಇಡುತ್ತೇನೆ. ಅಂದರೆ ಇದು ಮಾರುವವನ ಪತ್ರ. ಹಾಗಂತ ಓದದೆ ಪಕ್ಕಕ್ಕಿಡಬೇಡಿ.

2025ರ ಮೇ ಕೊನೆಯಲ್ಲಿ ನಮ್ಮ ರಾಜ್ಯದ ತಂಬಾಕು ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ತಂಬಾಕು ಕೊಳ್ಳೋಕೆ 2003ರ ಕೇಂದ್ರ ಕಾಯ್ದೆಯಲ್ಲಿ 18 ಇದ್ದ ವಯಸ್ಸು ಇಲ್ಲಿ 21 ಆಯಿತು. ಬಿಡಿ ಸಿಗರೇಟು ಮಾರುವಂತಿಲ್ಲ. 200 ರೂಪಾಯಿ ಇದ್ದ ದಂಡ 1,000 ರೂಪಾಯಿಗೆ ಏರಿತು. ಕಾಗದದ ಮೇಲೆ ಎಲ್ಲ ಸರಿ. ಆದರೆ ಅಂಗಡಿಯಲ್ಲಿ ಏನಾಗುತ್ತದೆ ಅಂತ ಕೇಳಿ.

ಸಂಜೆ ಏಳರ ಹೊತ್ತು ಅಂದುಕೊಳ್ಳಿ. ಗದ್ದೆ ಕೆಲಸ ಮುಗಿಸಿ ಬಂದವರು ಸಾಲಾಗಿ ನಿಂತಿರುತ್ತಾರೆ. ನಡುವೆ ಮೀಸೆ ಚಿಗುರಿದ ಹುಡುಗನೊಬ್ಬ ತಂಬಾಕು ಕೇಳುತ್ತಾನೆ. ಅವನಿಗೆ 19 ಇರಬಹುದು, 22 ಇರಬಹುದು. ಮುಖ ನೋಡಿ ಹೇಳೋಕೆ ಆಗಲ್ಲ. ಅನುಮಾನ ಬಂದರೆ ದಾಖಲೆ ಕೇಳಬಹುದು ಅಂತ ನಿಯಮ ಹೇಳುತ್ತದೆ. ಕೊಂಡವನು ಅಪ್ರಾಪ್ತ ಅಲ್ಲ ಅಂತ ತೋರಿಸುವ ಹೊಣೆಯೂ ಮಾರುವವನದೇ. ಸರಿ, ಆಧಾರ್ ಕೇಳಿದೆ ಅಂದುಕೊಳ್ಳಿ. ಹಳೆಯ ಕಾರ್ಡ್‌ಗಳಲ್ಲಿ ಎಷ್ಟೋ ಕಡೆ ಹುಟ್ಟಿದ ವರ್ಷ ಮಾತ್ರ ಇರುತ್ತದೆ. 2005 ಅಂತಷ್ಟೇ ಇದ್ದರೆ, 2026ರಲ್ಲಿ ಅವನಿಗೆ 21 ತುಂಬಿದೆಯೋ ಇಲ್ಲವೋ? ಕಾರ್ಡ್ ನೋಡಿಯೂ ಗೊತ್ತಾಗಲ್ಲ. ಅಷ್ಟರಲ್ಲಿ ಹಿಂದೆ ನಿಂತವರು ಸಕ್ಕರೆ ತೂಗು ಅಂತ ಗದ್ದಲ ಮಾಡುತ್ತಾರೆ. ಐದೋ ಹತ್ತೋ ರೂಪಾಯಿ ವ್ಯಾಪಾರಕ್ಕೆ ಇಷ್ಟು ಹೊತ್ತು ಯಾವ ಅಂಗಡಿಯವನು ಕೊಡುತ್ತಾನೆ ಹೇಳಿ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹತ್ತು ವರ್ಷದ ಮಗು ಬಂದು, "ಅಪ್ಪ ಬೀಡಿ ಕಟ್ಟು ತಗೊಂಡು ಬಾ ಅಂದ, ಲೆಕ್ಕಕ್ಕೆ ಬರ್ಕೊಳ್ರಿ" ಅನ್ನುತ್ತದೆ. ಯಾರು ಸೇದುತ್ತಾರೆ ಅನ್ನೋದು ಕಾನೂನಿಗೆ ಬೇಡ, ಯಾರ ಕೈಗೆ ಮಾರಿದೆ ಅನ್ನೋದಷ್ಟೇ ಬೇಕು. ಮಗುವಿಗೆ ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಆಗಬಹುದು. ಅಂಗಡಿಯವನು ಕೊಡಲ್ಲ ಅಂದರೆ ಅಪ್ಪನಿಗೆ ಸಿಟ್ಟು. ಅವನ ಮನೆಯ ತಿಂಗಳ ಉದ್ರಿ ಲೆಕ್ಕ ಪಕ್ಕದ ಅಂಗಡಿಗೆ ಹೋಗುತ್ತದೆ. ಆ ಅಂಗಡಿ ಬೀಡಿಯನ್ನೂ ಕೊಡುತ್ತದೆ, ಅಕ್ಕಿಯನ್ನೂ ಕೊಡುತ್ತದೆ. ನಿಯಮ ಪಾಲಿಸಿದವನಿಗೇ ನಷ್ಟ. ಅಂಗಡಿ ಮಟ್ಟದಲ್ಲಿ ವಯಸ್ಸಿನ ತಪಾಸಣೆ ಸೋಲೋದು ಜಾಸ್ತಿ ಇಲ್ಲೇ.

ಈಗ ತಪಾಸಣೆಗೆ ಬರುವವರ ಮಾತು. ಅವರು ಸಾಮಾನ್ಯವಾಗಿ ಏನು ನೋಡುತ್ತಾರೆ? 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಎಚ್ಚರಿಕೆ ಬೋರ್ಡ್ ಇದೆಯಾ, ಶಾಲೆಯಿಂದ 100 ಮೀಟರ್ ದೂರ ಇದೆಯಾ ಅಂತ. ಇವೆರಡನ್ನೂ ಯಾವ ಹೊತ್ತಲ್ಲಿ ಬಂದರೂ ನೋಡಬಹುದು, ಟೇಪ್ ಹಿಡಿದು ಅಳೆಯಬಹುದು. ಚಿಕ್ಕವರಿಗೆ ಮಾರಿದ್ದು ಹಾಗಲ್ಲ. ಅದು ಹತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಜೀಪು ಕಂಡ ಕೂಡಲೇ ಎಲ್ಲರೂ ಸಾಚಾ. ಹಾಗಾಗಿ ದಂಡದ ರಸೀದಿ ಎಷ್ಟು ಹರಿದರು ಅನ್ನೋದರಿಂದ ಚಿಕ್ಕವರ ಕೈಗೆ ತಂಬಾಕು ಹೋಗೋದು ನಿಂತಿತಾ ಇಲ್ಲವಾ ಅಂತ ತಿಳಿಯೋದೇ ಇಲ್ಲ.

ಅಮೆರಿಕದಲ್ಲೂ 2019ರ ಡಿಸೆಂಬರ್‌ನಿಂದ ವಯಸ್ಸು 21. ಅಲ್ಲಿ ಇಲಾಖೆಯವರೇ ವಯಸ್ಸಾಗದವರನ್ನು ಗಿರಾಕಿಯಂತೆ ಕಳಿಸಿ ನೋಡುತ್ತಾರೆ. 2024ರಿಂದ 30ರೊಳಗಿನ ಎಲ್ಲರ ಗುರುತಿನ ಚೀಟಿ ನೋಡಲೇಬೇಕು. ಎಲ್ಲರನ್ನೂ ಕೇಳಿದರೆ ಯಾರಿಗೂ ಅವಮಾನ ಆಗಲ್ಲ, ಅಲ್ವಾ?

ಇದು ಇಲ್ಲೂ ಸಾಧ್ಯ. ವಯಸ್ಸು 18 ಇದ್ದಾಗ ಹೀಗೆ ಪರೀಕ್ಷೆ ಮಾಡೋಕೆ ಮಕ್ಕಳನ್ನೇ ಕಳಿಸಬೇಕಿತ್ತು, ಅದು ಸರಿಯಲ್ಲ. ಈಗ 19, 20 ವರ್ಷದ ಕಾಲೇಜು ಸ್ವಯಂಸೇವಕರು ಸಾಕು. ಅವರು ವಯಸ್ಕರು, ತಾವೇ ಒಪ್ಪಿ ಬರಬಹುದು. ಶಿಕ್ಷೆ ಇರೋದು ಮಾರಿದವನಿಗೆ, ಕೊಂಡವನಿಗಲ್ಲ. ಹೀಗೆ ಸಿಕ್ಕ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುತ್ತದಾ ಅಂತ ನಿಮ್ಮ ಸರ್ಕಾರಿ ವಕೀಲರನ್ನು ಕೇಳಿ. ನಿಲ್ಲದಿದ್ದರೂ ಮೊದಲ ಸಲ ಬರೀ ನೋಟಿಸ್ ಕೊಡಿ. ಒಂದೇ ದಿನ ಒಂದು ಬೀದಿಯ ಎಲ್ಲ ಅಂಗಡಿಗೂ ಕಳಿಸಿ. ಆಗ "ಪಕ್ಕದವನು ಕೊಡ್ತಾನೆ" ಅನ್ನೋ ಮಾತು ಬಿದ್ದುಹೋಗುತ್ತದೆ.

ಬೋರ್ಡ್ ಬದಲಿಸಿ. ಇನ್ನೂ 18 ಅಂತ ಇರುವ ಹಳೆಯ ಬೋರ್ಡ್ ತೋರಿಸಿ ಹುಡುಗರು ವಾದ ಮಾಡುತ್ತಾರೆ. ಹೊಸ ಬೋರ್ಡಿನ ಕೆಳಗೆ "ಈ ವರ್ಷ ಅಥವಾ ಅದಕ್ಕಿಂತ ಮೊದಲು ಹುಟ್ಟಿದವರಿಗೆ ಮಾತ್ರ" ಅಂತ ಒಂದು ಇಸವಿ ಬರೆಸಿ, ಪ್ರತಿ ಜನವರಿಯಲ್ಲಿ ಬದಲಿಸಿ. 2026ಕ್ಕೆ 2004 ಅಂತ ಹಾಕಿದರೆ, ವರ್ಷ ಮಾತ್ರ ಇರುವ ಆಧಾರ್ ಕೂಡ ಸಾಕಾಗುತ್ತದೆ. ಕೆಲವರಿಗೆ ಕೆಲವು ತಿಂಗಳು ತಡವಾಗಿ ಸಿಗುತ್ತದೆ, ಸಿಗಲಿ ಬಿಡಿ.

ಇಂತಿ,
ಗಂಗಾವತಿ ತಾಲ್ಲೂಕಿನ ಒಬ್ಬ ಕಿರಾಣಿ ಅಂಗಡಿಯವ