ಮೊದಲ ರೌಂಡಿಗೆ ಮೊದಲೇ ಹೇಳಿಬಿಡು

ಮಡಿಕೇರಿ

ಪ್ರೀತಿಯ ಮಗನೇ,

ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಎಲ್ಲರೂ ಪಬ್ಬಿಗೆ ಎಳೆದುಕೊಂಡು ಹೋಗುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಕಾಗದ. ಪಬ್ಬಿಗೆ ಹೋಗಬೇಡ ಅಂತ ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಸ್ನೇಹ ಬೆಳೆಯುವುದೇ ಅಲ್ಲಿ. ಹೋಗಿ ಕುಡಿಯದೆ ಬರುವುದು ಹೇಗೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ಅಲ್ಲಿ ಒತ್ತಾಯ ಮಾಡುವುದು ಮನುಷ್ಯರಿಗಿಂತ ಹೆಚ್ಚಾಗಿ ರೌಂಡಿನ ಪದ್ಧತಿ. ಐದು ಜನ ಕೂತರೆ ಒಬ್ಬೊಬ್ಬರೂ ಒಂದೊಂದು ಸಲ ಎಲ್ಲರಿಗೂ ತರುತ್ತಾರೆ. ಹಾಗಾಗಿ ಒಂದು ಸಲ ಒಳಗೆ ಸೇರಿದರೆ ಐದು ಗ್ಲಾಸು ಗ್ಯಾರಂಟಿ. ಒಂದು ಪಿಂಟ್ ಅಂದರೆ 568 ಮಿಲಿ. ಶೇಕಡಾ 4.5ರ ಬಿಯರ್ ಆದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 25 ಮಿಲಿ. ನಮ್ಮೂರಿನ ಒಂದು ಲಾರ್ಜ್, ಅಂದರೆ 60 ಮಿಲಿ ವಿಸ್ಕಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ‘ಬರೀ ಬಿಯರ್ ತಾನೇ’ ಅನ್ನುವ ಮಾತಿಗೆ ಅರ್ಥವಿಲ್ಲ. ಅವರ ಲೆಕ್ಕದಲ್ಲಿ 10 ಮಿಲಿಗೆ ಒಂದು ಯುನಿಟ್. ಒಂದು ಯುನಿಟ್ ಇಳಿಯಲು ಸುಮಾರು ಒಂದು ಗಂಟೆ ಬೇಕು. ಐದು ಪಿಂಟ್ ಅಂದರೆ ಹದಿಮೂರು ಯುನಿಟ್ ಹತ್ತಿರ. ಸಂಜೆ 7ಕ್ಕೆ ಶುರು ಮಾಡಿದವನ ಮೈಯಿಂದ ಅದು ಪೂರ್ತಿ ಇಳಿಯುವಷ್ಟರಲ್ಲಿ ಬೆಳಗ್ಗೆ 8. ಇಡೀ ವಾರಕ್ಕೇ 14 ಯುನಿಟ್ ದಾಟಬಾರದು ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ.

ಆದ್ದರಿಂದ ಬೇಡ ಅನ್ನಬೇಕಾದದ್ದು ಗ್ಲಾಸು ಮೇಜಿಗೆ ಬಂದ ಮೇಲಲ್ಲ, ಮೊದಲ ರೌಂಡಿಗೆ ಯಾರೋ ಎದ್ದು ನಿಲ್ಲುವಾಗಲೇ. ‘ನಾನು ಕುಡಿಯಲ್ಲ, ರೌಂಡಿಗೆ ನನ್ನನ್ನ ಸೇರಿಸಬೇಡಿ, ನನ್ನದು ನಾನೇ ತಗೋತೀನಿ’ ಅಂದುಬಿಡು. ಹೀಗಂದರೆ ದುಡ್ಡಿನ ಮುಜುಗರವೂ ಇರುವುದಿಲ್ಲ. ಆಮೇಲೆ ನೀನೇ ಕೌಂಟರಿಗೆ ಹೋಗಿ ಲೈಮ್ ಸೋಡಾ ತಗೊ. ಬೇರೆಯವರ ಕೈಲಿ ತರಿಸಿದರೆ ತಮಾಷೆಗೆ ಅಂತ ಒಂದಿಷ್ಟು ವೋಡ್ಕಾ ಸೇರಿಸುವವರಿದ್ದಾರೆ. ಲೈಮಿನ ಜೊತೆ ಅದರ ರುಚಿ ಗೊತ್ತಾಗುವುದೇ ಇಲ್ಲ. ಗ್ಲಾಸು ಪೂರ್ತಿ ಖಾಲಿಯಾಗಲು ಬಿಡಬೇಡ. ಖಾಲಿ ಕೈ ಕಂಡರೆ ಮತ್ತೆ ಕೇಳುತ್ತಾರೆ.

ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊ. ನಮ್ಮಲ್ಲಿ ನೆಂಟರ ಮನೆಯಲ್ಲಿ ‘ಬೇಡ, ಬೇಡ’ ಅನ್ನುವುದು ಉಪಚಾರ. ಮೂರನೇ ಸಲ ಬಡಿಸಿದಾಗ ಹಾಕಿಸಿಕೊಳ್ಳುತ್ತೇವೆ. ಅದೇ ಅಭ್ಯಾಸದಲ್ಲಿ ನೀನು ನಗುತ್ತಾ ‘ಆಮೇಲೆ ನೋಡೋಣ’ ಅಂದರೆ ಅವರು ಆಮೇಲೆ ತಂದೇ ತರುತ್ತಾರೆ, ತಪ್ಪು ಅವರದಲ್ಲ. ‘ನೋ ಥ್ಯಾಂಕ್ಸ್, ಐ ಡೋಂಟ್ ಡ್ರಿಂಕ್’ ಅಷ್ಟೇ ಸಾಕು. ಕಾರಣ ಕೊಡಬೇಡ. ಮಾತ್ರೆ ತಗೊಳ್ತಿದ್ದೇನೆ ಅಂದರೆ ಯಾವ ಮಾತ್ರೆ ಅನ್ನುತ್ತಾರೆ, ಮುಂದಿನ ವಾರವೂ ಆ ಸುಳ್ಳನ್ನು ಹೊರಬೇಕು. ನಾಳೆ ಪರೀಕ್ಷೆ ಅಂದರೆ ‘ಒಂದೇ ಒಂದು’ ಅನ್ನುತ್ತಾರೆ. ಮತ್ತೆ ಕೇಳಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳು, ತಕ್ಷಣ ಅವರ ಊರಿನ ಬಗ್ಗೆಯೋ ಫುಟ್‌ಬಾಲ್ ಬಗ್ಗೆಯೋ ಏನಾದರೂ ಕೇಳು. ಅಷ್ಟಾಗಿಯೂ ಯಾರಾದರೂ ತಂದಿಟ್ಟರೆ ಕೈಗೆ ತಗೊಳ್ಳಬೇಡ, ಒಂದು ಗುಟುಕೂ ಕುಡಿಯಬೇಡ. ತಂದವರ ಕಡೆಗೇ ಸರಿಸು. ಕುಡಿಯುವವರಿಗೆ ಬುದ್ಧಿ ಹೇಳಲು ಮಾತ್ರ ಹೋಗಬೇಡ.

ಇಂಗ್ಲಿಷರಿಗಿಂತ ನಮ್ಮವರದ್ದೇ ಕಾಟ ಜಾಸ್ತಿ ಇರಬಹುದು. ‘ಕೂರ್ಗ್‌ನವನಾಗಿ ಕುಡಿಯಲ್ವಾ?’ ಅನ್ನುತ್ತಾರೆ. ಕಾರಣರಾದ ಹಿರಿಯರಿಗೆ ಮೀದಿಯ ಎಡೆ ಇಡುವಾಗ ಮದ್ಯ ಇಡುತ್ತೇವೆ, ಹೌದು. ಮದುವೆ, ಹಬ್ಬಗಳಲ್ಲೂ ಇರುತ್ತದೆ. ಹಾಗಂತ ಪ್ರತಿಯೊಬ್ಬನೂ ಗ್ಲಾಸು ಖಾಲಿ ಮಾಡಲೇಬೇಕು ಅನ್ನುವ ಕಟ್ಟು ಯಾವ ಮನೆತನದ ಐನ್‌ಮನೆಯಲ್ಲೂ ಇಲ್ಲ. ‘ನಮ್ಮಲ್ಲೂ ಕುಡಿಯದವರು ಬೇಕಾದಷ್ಟಿದ್ದಾರೆ’ ಅಂದು ಸುಮ್ಮನಾಗು.

ಮನೆ ಪಾರ್ಟಿಗಳಲ್ಲಿ ಬಕೆಟ್ಟಿನಲ್ಲಿ ಕಲಸಿಟ್ಟ ಪಂಚ್ ಮುಟ್ಟಬೇಡ. ಹಣ್ಣಿನ ರಸ ಅನ್ನುತ್ತಾರೆ, ಒಳಗೆ ಏನೆಷ್ಟು ಸುರಿದಿದ್ದಾರೆ ಅಂತ ಕಲಸಿದವರಿಗೂ ಗೊತ್ತಿರುವುದಿಲ್ಲ. ಸೀಲ್ ಒಡೆಯದ ಕ್ಯಾನ್ ನೀನೇ ತಗೊಂಡು ಹೋಗು. ಟಾಯ್ಲೆಟ್ಟಿಗೆ ಹೋಗುವಾಗ ಬಿಟ್ಟುಹೋದ ಗ್ಲಾಸನ್ನು ಮತ್ತೆ ಮುಟ್ಟಬೇಡ, ಬೇರೆ ತಗೊ.

ಕುಡಿಯದವನು ನೀನೊಬ್ಬನೇ ಅಂದಮೇಲೆ ಇನ್ನೊಂದು ಹೊಣೆ ನಿನ್ನ ಮೇಲೆ ಬರುತ್ತದೆ. ಯಾರಾದರೂ ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಗಟ್ಟಿದರೆ, ‘ಮಲಗಲಿ ಬಿಡು’ ಅನ್ನುವವರ ಮಾತು ಕೇಳಬೇಡ. ನಿದ್ದೆಯಲ್ಲೂ ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ. ಅಂಗಾತ ಮಲಗಿದವನು ವಾಂತಿ ಮಾಡಿದರೆ ಅದು ಉಸಿರಿನ ದಾರಿಗೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸು, 999ಕ್ಕೆ ಫೋನ್ ಮಾಡು, ಆಂಬುಲೆನ್ಸ್ ಬರುವವರೆಗೆ ಅವನ ಹತ್ತಿರವೇ ಇರು. ಕಾಫಿ ಕುಡಿಸುವುದು, ತಣ್ಣೀರು ಸುರಿಯುವುದು ಬೇಡ.

ಹೊರಡುವ ಹೊತ್ತನ್ನು ಹೋಗುವ ಮೊದಲೇ ಗೊತ್ತುಮಾಡಿಕೊ. ಏಳಲು ನೆಪ ಬೇಕಾದರೆ ನನಗೆ ಫೋನ್ ಮಾಡು. ಅಲ್ಲಿ ರಾತ್ರಿ 10 ಆದಾಗ ಇಲ್ಲಿ ಬೆಳಗಿನ ಜಾವ ಎರಡೂವರೆ, ಅಲ್ಲಿನ ಚಳಿಗಾಲದಲ್ಲಾದರೆ ಮೂರೂವರೆ. ಫೋನ್ ತಲೆದಿಂಬಿನ ಪಕ್ಕದಲ್ಲೇ ಇಟ್ಟಿರುತ್ತೇನೆ.

ನಿನ್ನ
ಅವ್ವ